ಆಂಟಿಬಯಾಟಿಕ್ ಇಂಜೆಕ್ಷನ್: ಮೊದಲ ಡೋಸ್ ಇನ್ನು ಮನೆಯಲ್ಲಿಲ್ಲ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಸಹಕಾರಿಯ ನರ್ಸ್‌ಗಳು ಆಂಟಿಬಯಾಟಿಕ್ ಇಂಜೆಕ್ಷನ್ನಿನ ಮೊದಲ ಡೋಸನ್ನು ಮನೆಯಲ್ಲಿ ಕೊಡುವುದಿಲ್ಲ. ಅದನ್ನು ಆಸ್ಪತ್ರೆಯಲ್ಲೋ ಕ್ಲಿನಿಕ್ಕಿನಲ್ಲೋ ಹಾಕಿಸಿಕೊಂಡು, ಅರ್ಧ ಗಂಟೆಯಾದರೂ ಅಲ್ಲೇ ಕೂತಿದ್ದು ಬನ್ನಿ. ಎರಡನೆಯದರಿಂದ ನಾವು ಬರುತ್ತೇವೆ. ಡ್ರೆಸ್ಸಿಂಗ್, ಫಿಸಿಯೋಥೆರಪಿ ಭೇಟಿಗಳು ಈಗಿನಂತೆಯೇ ನಡೆಯುತ್ತವೆ.

ಕಾರಣ ತೀವ್ರ ಅಲರ್ಜಿ. ಅದು ಅಪರೂಪ, ಆದರೆ ಬಂದರೆ ನಿಮಿಷಗಳಲ್ಲಿ ಬರುತ್ತದೆ: ಮೈಮೇಲೆ ದದ್ದು, ತುಟಿ ಊತ, ಉಸಿರಾಟದಲ್ಲಿ ಸಿಳ್ಳೆಯಂಥ ಸದ್ದು, ತಲೆಸುತ್ತು. ಕೆಲವರಿಗೆ ದದ್ದೇ ಏಳದೆ ನೇರವಾಗಿ ಬಿಪಿ ಕುಸಿಯುತ್ತದೆ. ನಮ್ಮ ಚೀಲದಲ್ಲಿ ಇಂಥ ಅಲರ್ಜಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಸದಾ ಇರುತ್ತದೆ. 1 ಮಿಲೀಗೆ 1 ಮಿಗ್ರಾಂ ಇರುವ ಆಂಪೂಲ್‌ನಿಂದ ದೊಡ್ಡವರಿಗೆ 0.5 ಮಿಲೀ, ತೊಡೆಯ ಹೊರಭಾಗದ ಸ್ನಾಯುವಿಗೆ. ಸುಧಾರಿಸದಿದ್ದರೆ 5 ನಿಮಿಷದ ನಂತರ ಇನ್ನೊಮ್ಮೆ. ಆದರೆ ಅದರ ಪರಿಣಾಮ ಬೇಗ ಇಳಿಯುತ್ತದೆ. ಆಮೇಲೆ ಬೇಕಾಗುವ ಆಕ್ಸಿಜನ್, ಡ್ರಿಪ್, ವೈದ್ಯರು ಮನೆಯಲ್ಲಿ ಇರುವುದಿಲ್ಲ.

“ಟೆಸ್ಟ್ ಡೋಸ್ ಕೊಟ್ಟು ನೋಡಿದರಾಯಿತಲ್ಲ?” ಎಂದು ಹಲವರು ಕೇಳುತ್ತೀರಿ. ಚರ್ಮದಡಿ ಚೂರು ಔಷಧಿ ಹಾಕಿದಾಗ ಗುಳ್ಳೆ ಏಳಲಿಲ್ಲ ಎಂದ ಮಾತ್ರಕ್ಕೆ ಪೂರ್ತಿ ಡೋಸ್ ಒಗ್ಗುತ್ತದೆ ಎನ್ನಲಾಗದು. ಹೋದ ವರ್ಷ ಒಗ್ಗಿತ್ತು ಎಂಬುದೂ ಸಾಲದು, ಏಕೆಂದರೆ ಒಮ್ಮೆ ಔಷಧಿ ಸೇರಿದ ಮೇಲೆಯೇ ಮೈ ಅದರ ವಿರುದ್ಧ ತಿರುಗಬಹುದು. ಹಾಗಾಗಿ ಹೊಸ ಕೋರ್ಸ್ ಎಂದರೆ ಮತ್ತೆ ಮೊದಲ ಡೋಸ್ ಎಂದೇ ಲೆಕ್ಕ.

ಸಮಯವನ್ನು ಮೊದಲೇ ಯೋಚಿಸಿ. ಉದಾಹರಣೆಗೆ ಸೆಫ್ಟ್ರಿಯಾಕ್ಸೋನ್ 1 ಗ್ರಾಂ, ದಿನಕ್ಕೆರಡು ಬಾರಿ, 5 ದಿನ ಎಂದು ಬರೆದಿದ್ದಾರೆ ಎನ್ನೋಣ. ಮೊದಲನೆಯದು ಶನಿವಾರ ಬೆಳಿಗ್ಗೆ 8ಕ್ಕೆ ಆದರೆ ಮುಂದಿನವು ರಾತ್ರಿ 8, ಬೆಳಿಗ್ಗೆ 8 ಹೀಗೆ ಸಾಗಿ, ಬುಧವಾರ ರಾತ್ರಿ ಹತ್ತನೆಯದು ಮುಗಿಯುತ್ತದೆ. ಮಧ್ಯಾಹ್ನ 3ಕ್ಕೆ ಶುರುವಾದರೆ ಎರಡನೆಯದು ನಡುರಾತ್ರಿ 3ಕ್ಕೆ ಬೀಳುತ್ತದೆ. ಹಾಗಾದಾಗ ಸಮಯ ಹೇಗೆ ಹೊಂದಿಸಬೇಕೆಂದು ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ನಮಗೆ ಅನುಕೂಲವಾಗಲಿ ಎಂದು ಮೊದಲ ಡೋಸನ್ನು ಮಾತ್ರ ಮುಂದೂಡಬೇಡಿ.

ನಂತರದ ಡೋಸ್‌ಗಳಲ್ಲೂ ಅಪಾಯ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಔಷಧಿಯನ್ನು ನಿಧಾನವಾಗಿ ಕೊಟ್ಟ ಮೇಲೆ ನರ್ಸ್ 20 ನಿಮಿಷ ನಿಮ್ಮಲ್ಲೇ ಇರುತ್ತಾರೆ. ಭೇಟಿ ಸುಮಾರು 45 ನಿಮಿಷ ಹಿಡಿಯುತ್ತದೆ. ಭೇಟಿಗೆ ಇಷ್ಟು ಹೊತ್ತು ಬೇಕಾಗುವುದರಿಂದಲೂ ನಮ್ಮವರು ತಮ್ಮ ವಾರದ ರಜೆಯಂದು ಬರುವುದರಿಂದಲೂ ದಿನಕ್ಕೆ ಮೊದಲಿನಷ್ಟು ಮನೆ ಮುಟ್ಟಲಾಗದು. ಹಿಂದಿನ ದಿನ ಸಂಜೆಯೊಳಗೆ ತಿಳಿಸಿ.

ಬೇರೆ ಬೇರೆ ದಿನ ಬೇರೆ ಬೇರೆ ನರ್ಸ್ ಬರುತ್ತಾರೆ. ವೈದ್ಯರ ಚೀಟಿ, ಮೊದಲ ಡೋಸ್ ಕೊಟ್ಟ ಸಮಯದ ಬರಹ, ಖಾಲಿಯಾದ ಔಷಧಿ ಬಾಟಲಿ ಇವು ಮೂರನ್ನೂ ಒಂದೆಡೆ ಇಟ್ಟಿರಿ. ರಕ್ತನಾಳಕ್ಕೆ ಕ್ಯಾನುಲಾ ಕೊಳವೆ ಹಾಕಿದ ಜಾಗ ಕೆಂಪಾಗಿ ನೋಯುತ್ತಿದ್ದರೆ ನಾವು ಬರುವ ಮುಂಚೆಯೇ ಫೋನ್ ಮಾಡಿ, ಹೊಸದನ್ನು ತರುತ್ತೇವೆ.

ಇಂತಿ,
ಸಹಕಾರಿಯ ನರ್ಸಿಂಗ್ ತಂಡ