ಗೆಳೆಯಾ, ಆ ಮಾರ್ಚ್ 31ರ ಬಿಲ್‌ಗಳ ಕಥೆ ಕೇಳಿದ್ಯಲ್ಲ

ಹೇಗಿದೀಯೋ? ಫೋನಲ್ಲಿ ಅರ್ಧಕ್ಕೇ ನಿಂತಿತ್ತು, ಪೂರ್ತಿ ಬರೀತೀನಿ.

ಪಂಪ್ ಪಾರ್ಟ್ಸ್ ಮಾಡೋ ಒಂದು ಸಣ್ಣ ಕಂಪನಿ, ಹೆಸರು ಬೇಡ. 2023-24ರ ಆಡಿಟ್. ಸೇಲ್ಸ್ ರಿಜಿಸ್ಟರ್ ಮೇಲಿಂದ ಕೆಳಗೆ ನೋಡ್ತಾ ಬಂದೆ, ವರ್ಷವಿಡೀ ಬಿಲ್‌ಗಳು ಅಡ್ಡಾದಿಡ್ಡಿ ಮೊತ್ತದವೇ, ಯಾಕಂದ್ರೆ 347 ಪೀಸ್ ಅನ್ನು 218.50ರಂತೆ ಮಾರಿದ್ರೆ ಟ್ಯಾಕ್ಸ್‌ಗೆ ಮುಂಚೆ 75,819.50 ಬರುತ್ತೆ, ಯಾರೂ ಕೂತ್ಕೊಂಡು ರೌಂಡ್ ಮಾಡಲ್ಲ. ಮಾರ್ಚ್ 30, 31ಕ್ಕೆ ಬಂದಾಗ ಕಣ್ಣು ನಿಂತ್ಬಿಡ್ತು. 20 ಲಕ್ಷ, 15 ಲಕ್ಷ, 25 ಲಕ್ಷ, 10 ಲಕ್ಷ, 18 ಲಕ್ಷ, 12 ಲಕ್ಷ, ಒಂದು ರೂಪಾಯಿ ಆಚೀಚೆ ಇಲ್ಲ.

ರೌಂಡ್ ಫಿಗರ್ ಅಂದ ತಕ್ಷಣ ಕಳ್ಳತನ ಅನ್ನೋಕಾಗಲ್ಲ ಕಣೋ. ಆ 12 ಲಕ್ಷದ್ದು ವರ್ಷದ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್, ಅಗ್ರಿಮೆಂಟ್ ಇತ್ತು, ದುಡ್ಡೂ ಬಂದಿತ್ತು, ಅದು ಸರಿ. ಉಳಿದ ಐದನ್ನ ತೆಗೆದು ನೋಡಿದ್ರೆ ಬಿಲ್ಲಲ್ಲಿ ಐಟಂ ಇಲ್ಲ, ಕ್ವಾಂಟಿಟಿ ಇಲ್ಲ, ಬರೀ ಸೇಲ್ಸ್ ಲೆಡ್ಜರ್‌ಗೆ ಮೊತ್ತ ಹಾಕಿದಾರೆ. ಪೀಸ್ ಲೆಕ್ಕವೇ ಇಲ್ಲದ ಮೇಲೆ ಪೈಸೆ ಎಲ್ಲಿಂದ ಬರ್ಬೇಕು ಹೇಳು.

ಸೆಕ್ಯುರಿಟಿ ಹತ್ರ ಹೋಗಿ ಗೇಟ್ ಔಟ್‌ವರ್ಡ್ ರಿಜಿಸ್ಟರ್ ಕೇಳ್ದೆ. ಆ ವರ್ಷ ಮಾರ್ಚ್ 31 ಭಾನುವಾರ. ಪುಟದ ಮೇಲೆ ನೀಲಿ ಇಂಕಲ್ಲಿ 'ರಜೆ' ಅಂತ ಬರೆದು ಅಡ್ಡಗೆರೆ ಎಳೆದಿದ್ರು, ಒಂದು ಗಾಡಿ ನಂಬರೂ ಇಲ್ಲ. 30ನೇ ತಾರೀಕು ಹೋಗಿದ್ದ ಎರಡು ಗಾಡಿ ಬೇರೆ ಬಿಲ್‌ಗಳದ್ದು. ಈ ಐದಕ್ಕೂ ಮಾಲು ಸಾಗಿಸೋಕೆ ಬೇಕಾದ ಇ-ವೇ ಬಿಲ್ಲೂ ಇಲ್ಲ, ಲಾರಿಯವರು ಕೊಡೋ ರಸೀದಿ, ಅದೇ ಎಲ್‌ಆರ್ ಕಾಪಿನೂ ಇಲ್ಲ. ಸಾಫ್ಟ್‌ವೇರ್‌ನ ಎಡಿಟ್ ಲಾಗ್ ತೆಗೆದೆ, ಅದನ್ನ ಆಫ್ ಮಾಡದೆ ಇಟ್ಕೋಬೇಕು ಅನ್ನೋ ರೂಲ್ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದಲೇ ಇದೆಯಲ್ಲ, ಅದ್ರಲ್ಲಿ ಐದೂ ವೋಚರ್ ಏಪ್ರಿಲ್ 8ನೇ ತಾರೀಕು ಸಂಜೆ ಒಂದರ ಹಿಂದೆ ಒಂದು ಎಂಟ್ರಿ ಆಗಿವೆ, ಡೇಟ್ ಮಾತ್ರ ಹಿಂದಕ್ಕೆ ಹಾಕಿದಾರೆ. ಮೇ ತಿಂಗಳಲ್ಲಿ ಅದೇ ಐದು ಮೊತ್ತಕ್ಕೆ 'ಸೇಲ್ಸ್ ರಿಟರ್ನ್' ಅಂತ ಕ್ರೆಡಿಟ್ ನೋಟ್, ಆದ್ರೆ ವಾಪಸ್ ಬಂದ ಮಾಲು ಇನ್‌ವರ್ಡ್ ರಿಜಿಸ್ಟರಲ್ಲಿ ಎಲ್ಲೂ ಇಲ್ಲ.

ನಂಗೆ ತುಂಬಾ ಬೇಜಾರಾಗಿದ್ದು ಇಲ್ಲಿ. ಮಾಲು ಗೋಡೌನಲ್ಲೇ ಇತ್ತು, ವರ್ಷದ ಕೊನೆ ಸ್ಟಾಕಲ್ಲಿ ಎಣಿಸಿದಾರೆ, ಸೇಲ್ಸೂ ತೋರಿಸಿದಾರೆ. ಸ್ಟಾಕ್ ಕಮ್ಮಿ ಆಗ್ಲೇ ಇಲ್ವಲ್ಲ, ಹಾಗಾಗಿ 88 ಲಕ್ಷಕ್ಕೆ 88 ಲಕ್ಷವೂ ನೇರವಾಗಿ ಲಾಭಕ್ಕೇ ಸೇರಿತ್ತು.

ಅಕೌಂಟ್ಸ್ ನೋಡ್ಕೊಳ್ಳೋ ಹಿರಿಯರನ್ನ ಕೂರಿಸಿ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, 'ಸರ್, ಬ್ಯಾಂಕ್ ಸಾಲದ ಲಿಮಿಟ್ ರಿನ್ಯೂವಲ್ ಇತ್ತು, ಟರ್ನೋವರ್ ಕಮ್ಮಿ ಬಿದ್ದಿತ್ತು, ಯಜಮಾನ್ರು ಹಾಕು ಅಂದ್ರು' ಅಂದ್ರು. ಯಜಮಾನ್ರು ಎರಡು ದಿನ ವಾದ ಮಾಡಿದ್ರು, ನಾನು ರಿವರ್ಸ್ ಮಾಡದೆ ಸೈನ್ ಹಾಕಲ್ಲ ಅಂದೆ, ಕೊನೆಗೆ ತೆಗೆದ್ರು. ಬ್ಯಾಂಕ್‌ಗೆ ಮೊದ್ಲು ಕೊಟ್ಟಿದ್ದ ಹಳೇ ಲೆಕ್ಕದ ಬದಲು ಹೊಸದು ಕಳಿಸಿದ್ದರ ಕಾಪಿ ಕೈಗೆ ಬಂದ ಮೇಲೇ ನಾನು ಫೈಲ್ ಮುಚ್ಚಿದ್ದು. ಲಾಭ ಇದ್ದ ಕಡೆ ನಷ್ಟ ಬಂತು, ಅದೇ ಅವ್ರ ಆ ವರ್ಷದ ನಿಜವಾದ ಲೆಕ್ಕ.

ಊರಿಗೆ ಬಂದಾಗ ಸಿಗೋಣ, ಅಮ್ಮನಿಗೆ ಕೇಳ್ದೆ ಅಂತ ಹೇಳು.

ನಿನ್ನ ಗೆಳೆಯ