ಪಿನ್ ಒತ್ತುವಾಗ ಕೈ ಅಡ್ಡವಿರಲಿ

ಮಾನ್ಯರೇ,

ಪೆಟ್ರೋಲ್ ಬಂಕ್, ಬಟ್ಟೆ ಅಂಗಡಿಗಳಲ್ಲಿ ಕಾರ್ಡ್ ಕೊಟ್ಟರೆ ‘ಪಿನ್ ಹೇಳಿ ಸರ್’ ಎಂದು ಕೇಳುವುದು, ಹಿಂದೆ ನಿಂತವರಿಗೂ ಕೇಳುವಂತೆ ಗ್ರಾಹಕರು ನಾಲ್ಕು ಅಂಕಿ ಹೇಳುವುದು ಇನ್ನೂ ನಿಂತಿಲ್ಲ. ಸ್ವೈಪಿಂಗ್ ಯಂತ್ರವನ್ನು ಕೈಗೆ ಕೇಳಿ ಪಡೆದು, ಎದೆಯ ಹತ್ತಿರ ಹಿಡಿದು ನಾವೇ ಒತ್ತಲು ಸಂಕೋಚವೇಕೆ?

ಎಟಿಎಂನಲ್ಲಿ ಅಪಾಯ ಇನ್ನೂ ಹೆಚ್ಚು. ಪಿಂಚಣಿ ತೆಗೆಯಲು ಬಂದ ಹಿರಿಯರು ತಡವರಿಸಿದರೆ ‘ನಾನು ತೆಗೆದುಕೊಡ್ತೀನಿ ಅಜ್ಜಾ’ ಎಂದು ಒಬ್ಬ ಪಕ್ಕಕ್ಕೆ ಬರುತ್ತಾನೆ. ಪಿನ್ ನೋಡಿಕೊಂಡು, ಕೊನೆಗೆ ಅದೇ ಬ್ಯಾಂಕಿನ, ಅದೇ ಬಣ್ಣದ ಬೇರೆ ಕಾರ್ಡನ್ನು ಕೈಗಿಡುತ್ತಾನೆ. ಹಣ ಹೋದ ಎಸ್‌ಎಂಎಸ್ ಬಂದಾಗಲೇ ಗೊತ್ತಾಗುವುದು. ಪಿನ್ ತಿಳಿಯದಿದ್ದರೆ ಕದ್ದ ಕಾರ್ಡಿಗೆ ಎಟಿಎಂ ಹಣ ಕೊಡದು. ಹಾಗಾಗಿ ಒಂದು ಕೈಯಿಂದ ಒತ್ತುವಾಗ ಇನ್ನೊಂದು ಅಂಗೈ ಕೀಗಳ ಮೇಲೆ ಮರೆಯಾಗಿರಲಿ. ಮೇಲೆ ಅಂಟಿಸಿಟ್ಟ ಕಳ್ಳ ಕ್ಯಾಮೆರಾ ಇದ್ದರೂ ಅದಕ್ಕೆ ಅಂಕಿ ಕಾಣುವುದಿಲ್ಲ. ಕಾರ್ಡ್ ಬೇರೆಯವರ ಕೈಯಿಂದ ಮರಳಿ ಬಂದರೆ ಹೆಸರು ಅಥವಾ ಕೊನೆಯ ನಾಲ್ಕು ಅಂಕಿ ಓದಿಯೇ ಜೇಬಿಗಿಳಿಸಬೇಕು.

ಆದರೆ ಕೈ ಮರೆ ಎಲ್ಲಕ್ಕೂ ಸಾಲದು. ಯಂತ್ರದ ಹತ್ತಿರ ಹಿಡಿದರೆ ಸಾಕಾಗುವ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಕಳವಾದರೆ ಅಂಗಡಿಯಲ್ಲಿ ಒಂದು ಸಲಕ್ಕೆ ₹5,000ದವರೆಗೆ ಪಿನ್ ಇಲ್ಲದೆಯೇ ಪಾವತಿಸಬಹುದು. ಬೇಡದವರು ಬ್ಯಾಂಕಿನ ಆ್ಯಪ್‌ನಲ್ಲಿ ಆ ಸೌಲಭ್ಯವನ್ನು ಆಫ್ ಮಾಡಿಡಬಹುದು. ಹಣ ಹೋಗಿದ್ದರೆ ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಯಂತ್ರವನ್ನು ಗ್ರಾಹಕರ ಕೈಗೇ ಕೊಟ್ಟು ಮುಖ ಆಚೆ ತಿರುಗಿಸುವಂತೆ ಅಂಗಡಿ ಮಾಲೀಕರು ತಮ್ಮ ಕೆಲಸದವರಿಗೆ ಇಂದೇ ಹೇಳಲಿ.

– ಓದುಗ, ದಾವಣಗೆರೆ