ಕಾಕಾನ ಫೋನಿನಲ್ಲಿ ನೆಟ್ ಆಫ್ ಇತ್ತು

ಹುನಗುಂದ
ಗುರುವಾರ ರಾತ್ರಿ

ಮಗಳಿಗೆ ಅಪ್ಪನ ಆಶೀರ್ವಾದಗಳು.

ಸೋಮವಾರ ರಾತ್ರಿ ಫೋನಿನಲ್ಲಿ ನಾವಿಬ್ಬರೂ ಆಡಿದ ಮಾತನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ಇದೆ. ಫೋನು ಸ್ಪೀಕರಿನಲ್ಲಿತ್ತು, ನಿನ್ನ ಸೋದರಮಾವ ಎದುರಿಗೇ ಕೂತಿದ್ದ. ಅದು ನಿನಗೆ ಗೊತ್ತಿರಲಿಲ್ಲ. ಇನ್ನೊಬ್ಬರ ಮುಂದೆ ಬೈದದ್ದು ನನ್ನ ತಪ್ಪು. ಆದರೆ ನಿನ್ನ ಸೀರೆ ನೇಯುವ ಇಳಕಲ್ಲಿನ ಕಾಕಾಗೆ ಬೆಂಗಳೂರಿನಲ್ಲಿ ಭೇಟಿಯ ಹೊತ್ತು ಕೊಟ್ಟು, ನೀನು ಹೋಗದೆ ಅವರನ್ನು ಕಾಯಿಸಿದೆ. ಅದಕ್ಕೆ ಬೈದದ್ದು ತಪ್ಪಲ್ಲ ಅಂತ ಇವತ್ತಿಗೂ ಅನಿಸುತ್ತಿದೆ, ಅದಕ್ಕೇ ಈ ಕಾಗದ. ಫೋನಿನಲ್ಲಿ ನನಗೆ ಸಿಟ್ಟು ಮೊದಲು ಬರುತ್ತದೆ, ಮಾತು ಆಮೇಲೆ.

ಕಾಕಾ ನಿನ್ನ ಮೇಲೆ ದೂರು ಹೇಳಲು ನನಗೆ ಫೋನ್ ಮಾಡಲಿಲ್ಲ. ಮಂಗಳವಾರ ಬೆಳಿಗ್ಗೆ ಇಳಕಲ್ಲಿಗೆ ಬಂದಿಳಿದು, "ಹುಡುಗಿಗೆ ಕೆಲಸ ಭಾಳ ಐತಿ ಕಾಣಸ್ತೈತಿ, ನೀ ಏನೂ ಅನಬ್ಯಾಡ" ಅಂದರು. ಅಷ್ಟೊತ್ತಿಗೆ ನಾನು ಅನ್ನುವುದೆಲ್ಲ ಅಂದಾಗಿತ್ತು. ಸೋಮವಾರ ರಾತ್ರಿ ಅವರೇ ಬಸ್ ಸ್ಟ್ಯಾಂಡಿನಿಂದ ಮಾತಾಡಿದಾಗ ನಾನು ಕೇಳಿ ಕೇಳಿ ಬಾಯಿ ಬಿಡಿಸಿದ್ದು. 7.10ಕ್ಕೆ ಮಲ್ಲೇಶ್ವರದ ಆ ಹೋಟೆಲಿಗೆ ಬಂದು ಕೂತಿದ್ದಾರೆ. ಚೀಲದಲ್ಲಿ ಎರಡು ಸೀರೆ, ಬಣ್ಣದ ರೇಷ್ಮೆ ಎಳೆಯ ಸಣ್ಣ ಸಣ್ಣ ಕಟ್ಟು. ಎರಡು ಸಲ ಕಾಫಿ ತರಿಸಿಕೊಂಡಿದ್ದಾರೆ, ಸುಮ್ಮನೆ ಜಾಗ ಹಿಡಿದು ಕೂಡಬಾರದು ಅಂತ. 8 ಗಂಟೆಗೆ, ಹುಡುಗಿಗೆ ದಾರಿ ತಪ್ಪಿತೇನೋ ಎಂದು ನಿನಗೆ ಫೋನ್ ಮಾಡಿದ್ದಾರೆ, ನೀನು ಎತ್ತಲಿಲ್ಲ. ಆಮೇಲೆ ನೆಟ್ ಆನ್ ಮಾಡಿದಾಗ ನಿನ್ನ ಮೆಸೇಜು ಕಂಡಿದೆ. ಅದು 5.30ಕ್ಕೇ ಹೊರಟದ್ದು. ಅವರು ಯಾವಾಗಲೂ ನೆಟ್ ಆಫ್ ಮಾಡಿಯೇ ಇಡುತ್ತಾರೆ ಮಗಳೆ, ಬೇಕಾದಾಗ ಮಾತ್ರ ಆನ್. ಇಲ್ಲಿ ನಮ್ಮ ವಯಸ್ಸಿನವರು ಬಹಳ ಜನ ಹಾಗೇ.

ಲಂಡನ್ನಿನ ಮೀಟಿಂಗಿನ ಹೊತ್ತು ಬದಲಾಯಿತು ಅಂತ ನೀನು ಹೇಳಿದ್ದು ಕೇಳಿದ ಮೇಲೆ ನಾನೂ ಕ್ಯಾಲೆಂಡರ್ ಹಿಡಿದು ಕೂತು ಲೆಕ್ಕ ಹಾಕಿದೆ. ಲಂಡನ್ನಿನವರು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚಿನ ಕೊನೆಯ ಭಾನುವಾರ ಮತ್ತೆ ಮುಂದಕ್ಕೆ. ನಮ್ಮ ಗಡಿಯಾರ ಅಲ್ಲಾಡುವುದಿಲ್ಲ. ಹಾಗಾಗಿ ನಮಗೂ ಅವರಿಗೂ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಐದೂವರೆ. ಅವರ ಮಧ್ಯಾಹ್ನ 2 ಗಂಟೆಯ ಮೀಟಿಂಗು ನಿನಗೆ ಅಲ್ಲಿಯವರೆಗೆ ಸಂಜೆ 6.30ಕ್ಕೆ ಇದ್ದದ್ದು, ಆ ಸೋಮವಾರ 7.30ಕ್ಕೆ ಬಂದು ಕೂತಿತು. ಕಾಕಾಗೆ ನೀನು ಕೊಟ್ಟ ಹೊತ್ತಿನ ಮೇಲೇ. ನಿನ್ನ ಮೊಬೈಲಿನ ಕ್ಯಾಲೆಂಡರಿನಲ್ಲಿ ಆ ವಾರದ ಪುಟದಲ್ಲಿ ಅದು ಮೊದಲಿನಿಂದಲೂ 7.30 ಅಂತಲೇ ಇದ್ದಿರಬೇಕು. ನೀನು ಹಿಂದಿನ ವಾರದ ಅಂದಾಜಿನಲ್ಲಿ ಕಾಕಾಗೆ ಹೊತ್ತು ಹೇಳಿದೆ. ಇದು ಪ್ರತಿವರ್ಷ ದೀಪಾವಳಿಯ ಆಸುಪಾಸಿನಲ್ಲಿ ಬರುವ ತಾಪತ್ರಯ. ಅಮೆರಿಕದವರು ತಿರುಗಿಸುವುದು ನವೆಂಬರಿನ ಮೊದಲ ಭಾನುವಾರವಂತೆ, ಅಲ್ಲಿಯವರೂ ಸೇರಿದರೆ ನಡುವಿನ ಆ ಒಂದು ವಾರ ಇನ್ನೂ ಗೊಂದಲ. ಮುಂದಿನ ಸಲ ಆ ದಿನದ ಪುಟ ತೆರೆದು ನೋಡಿ ಮಾತು ಕೊಡು. ಇದಿಷ್ಟೇ ಇದರ ಬಗ್ಗೆ. ಗೊತ್ತಾಗದೆ ಆದದ್ದಕ್ಕೆ ನಾನು ಬೈಯಲಿಲ್ಲ.

ಗೊತ್ತಾದದ್ದು ಯಾವಾಗ? 4.45ಕ್ಕೆ ಅಂತ ನೀನೇ ಹೇಳಿದೆ. ಮೆಸೇಜು ಹೋದದ್ದು 5.30ಕ್ಕೆ. ಕಾಕಾ ಬೆಂಗಳೂರಿನ ಮೇಳದಲ್ಲಿ ಹಾಕಿದ್ದ ಮಳಿಗೆ ಮುಚ್ಚಿ ಬಸ್ಸು ಹತ್ತಿದ್ದು 5.20ಕ್ಕೆ. ನಡುವಿನ ಆ ಮುಕ್ಕಾಲು ಗಂಟೆ ನೀನು ಏನು ಮಾಡುತ್ತಿದ್ದೆ ಅಂತ ನನಗೆ ಗೊತ್ತು, ಯಾಕೆಂದರೆ ನಾನೂ ಅದನ್ನೇ ಮಾಡಿದ್ದೇನೆ. ಹೇಗೆ ಹೇಳಲಿ ಅಂತ ಕೈ ಹಿಸುಕಿಕೊಳ್ಳುವುದು.

1998ರ ಆ ರವಿವಾರದ ಕಥೆ ನಿನಗೆ ಹೇಳಿಲ್ಲ. ನಿನ್ನ ಅವ್ವನಿಗೂ ಪೂರ್ತಿ ಹೇಳಿಲ್ಲ. ಆಗ ನಾನು ಎಲ್‌ಐಸಿ ಏಜೆನ್ಸಿ ಹಿಡಿದು ನಾಲ್ಕು ವರ್ಷ ಆಗಿತ್ತು. ಒಬ್ಬ ನೇಕಾರ, ಹೆಸರು ಬೇಡ, ಅವನ ಅರ್ಧವಾರ್ಷಿಕ ಕಂತು ತುಂಬಬೇಕಿತ್ತು. ನಿಯಮದ ಪ್ರಕಾರ ಕಂತು ಕಟ್ಟಬೇಕಾದವನು ಅವನೇ, ಆದರೆ ಹಳ್ಳಿಯಿಂದ ಹಣ ಇಸಿದುಕೊಂಡು ಹೋಗಿ ಬ್ರಾಂಚಿನಲ್ಲಿ ಕಟ್ಟಿ ರಸೀದಿ ತಂದುಕೊಡುವುದು ಆಗ ನಮ್ಮಲ್ಲಿ ರೂಢಿ. ರವಿವಾರ ಬರ್ತೀನಿ ಅಂದಿದ್ದೆ. ಶನಿವಾರ ಸಂಜೆ ಬಾಗಲಕೋಟೆಗೆ ಬರಲೇಬೇಕು ಅಂತ ನಮ್ಮ ಮೇಲಿನವರಿಂದ ಕರೆ ಬಂತು. ಅವನ ಮನೆಯಲ್ಲಿ ಫೋನಿಲ್ಲ. ನಾನೇ ಶನಿವಾರ ರಾತ್ರಿ ಸೈಕಲ್ ತುಳಿದಿದ್ದರೆ ಒಂದು ತಾಸಿನ ದಾರಿ. ತುಳಿಯಲಿಲ್ಲ. ಬಸ್ಸಿಗೆ ಹೊರಟಿದ್ದ ಒಬ್ಬ ಹುಡುಗನ ಕೈಲಿ ಹೇಳಿ ಕಳಿಸಿದೆ. ಅವನು ಮರೆತ.

ಆ ಮನುಷ್ಯ ರವಿವಾರ ಇಡೀ ದಿನ ಮಗ್ಗದ ಕುಣಿಯಿಂದ ಎದ್ದು ಕಟ್ಟೆಯ ಮೇಲೆ ಕೂತಿದ್ದನಂತೆ, ಕೆಲಸ ನಿಲ್ಲಿಸಿ. ನೇಕಾರನಿಗೆ ಕೂಲಿ ಸೀರೆ ಲೆಕ್ಕದಲ್ಲಿ, ದಿನದ ಲೆಕ್ಕದಲ್ಲಲ್ಲ. ಕೂತ ದಿನದ ದುಡ್ಡು ಯಾರೂ ಕೊಡುವುದಿಲ್ಲ. ಅದಕ್ಕಿಂತ ದೊಡ್ಡದು ನಾನು ಮರೆತದ್ದು: ಅವನ ಕಂತಿನ ದಿನ ದಾಟಿ ಹೋಗಿತ್ತು, ಮೇಲೆ ಕೊಡುವ 30 ದಿನದ ಗಡುವು ಆ ಸೋಮವಾರಕ್ಕೆ ಮುಗಿಯುತ್ತಿತ್ತು. ಅವನಿಗೆ ಅದು ಗೊತ್ತಿತ್ತು, ಹಣ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ಕಾದ. ನಾನು ಮುಂದಿನ ರವಿವಾರ ಹೋದೆ. ಅಷ್ಟರಲ್ಲಿ ಪಾಲಿಸಿ ಲ್ಯಾಪ್ಸ್. ಮತ್ತೆ ಜೀವ ತುಂಬಿಸಲು ಬಾಕಿ, ಅದರ ಮೇಲೆ ಬಡ್ಡಿ, ಆರೋಗ್ಯ ಸರಿಯಿದೆ ಅಂತ ಬರೆದುಕೊಡುವುದು. ಬಡ್ಡಿ ನಾನು ಕಟ್ಟುತ್ತೇನೆ ಅಂದೆ. ಅವನು ತಗೊಳ್ಳಲಿಲ್ಲ. ತಗೊಂಡಿದ್ದರೆ ನನಗೆ ಅವತ್ತು ನಿದ್ದೆ ಬರುತ್ತಿತ್ತು.

ಬೈಯಲಿಲ್ಲ ಅವನು. ಚಹಾ ಕೊಟ್ಟ. ಸಕ್ಕರೆ ಸಾಕಾ ಅಂತ ಕೇಳಿದ. ಪಾಲಿಸಿಯನ್ನೂ ಮುಂದುವರಿಸಿದ, ಆದರೆ ಅಂದಿನಿಂದ ಕಂತು ತಾನೇ ಬ್ರಾಂಚಿಗೆ ಹೋಗಿ ತುಂಬತೊಡಗಿದ. ಅವನ ತಮ್ಮಂದಿರ ಮೂರು ಪಾಲಿಸಿ ಬೇರೆ ಏಜೆಂಟನ ಹತ್ತಿರ ಆದವು. ದಾರಿಯಲ್ಲಿ ಸಿಕ್ಕರೆ "ಆರಾಮ್ರೀ?" ಅನ್ನುತ್ತಿದ್ದ, ನಿಲ್ಲುತ್ತಿರಲಿಲ್ಲ. ಕೂಗಾಡುವವನ ಸಿಟ್ಟು ಇಳಿಯುತ್ತದೆ. ಹೀಗೆ ಚಹಾ ಕೊಟ್ಟು ಸುಮ್ಮನಾದವನ ಹತ್ತಿರ ಮರಳಿ ಹೋಗಲು ಬಾಗಿಲು ಎಲ್ಲಿದೆ ಅಂತ ನನಗೆ ಇಪ್ಪತ್ತು ವರ್ಷ ಆದರೂ ತಿಳಿಯಲಿಲ್ಲ. ಕಾಕಾ "ಏನೂ ಅನಬ್ಯಾಡ" ಅಂದಾಗ ನನಗೆ ಕೇಳಿಸಿದ್ದು ಆ ಚಹಾದ ಲೋಟದ ಸದ್ದು. ನೋಡು, ಎಷ್ಟು ಉದ್ದ ಬರೆದುಬಿಟ್ಟೆ.

ನಿನ್ನ ಮೆಸೇಜನ್ನು ಕಾಕಾ ನನಗೆ ಓದಿ ಹೇಳಿದರು. "ಸಾರಿ ಅಂಕಲ್, ಅರ್ಜೆಂಟ್ ಕಾಲ್ ಬಂತು. ರಿಶೆಡ್ಯೂಲ್ ಮಾಡೋಣ, ಯಾವಾಗ ಫ್ರೀ ಹೇಳಿ." ಇದರಲ್ಲಿ ಮೊದಲನೆಯದು, ಅರ್ಜೆಂಟ್ ಕಾಲ್ ಬರಲಿಲ್ಲ, ಅದು ವಾರವಾರದ್ದು. "ಹೊತ್ತು ಲೆಕ್ಕ ಹಾಕುವುದರಲ್ಲಿ ನಾನು ತಪ್ಪಿದೆ" ಅಂದಿದ್ದರೆ ಅವರು ನಕ್ಕುಬಿಡುತ್ತಿದ್ದರು. ಅರ್ಜೆಂಟ್ ಅಂದಾಗ, ನಿಮಗಿಂತ ದೊಡ್ಡವರು ಕರೆದರು ಅಂತ ಕೇಳಿಸುತ್ತದೆ. ಎರಡನೆಯದು, ಯಾವಾಗ ಫ್ರೀ ಅನ್ನುವುದು. ಹೊತ್ತು ಕೆಡಿಸಿದವಳು ನೀನು, ಹೊಸ ಹೊತ್ತು ಹುಡುಕುವ ಕೆಲಸ ಅವರ ತಲೆಗೆ. ರಾತ್ರಿ 10ಕ್ಕೆ ಬಸ್ಸು ಹತ್ತಿ ಊರಿಗೆ ಹೋಗುವವರು ಬೆಂಗಳೂರಿನಲ್ಲಿ ಯಾವಾಗ ಫ್ರೀ ಇರುತ್ತಾರೆ?

ಲಂಡನ್ನಿನ ಮೀಟಿಂಗು ಬಿಡಬೇಕಿತ್ತು ಅಂತ ನಾನು ಹೇಳುವುದಿಲ್ಲ. ಅವತ್ತು ಸಿಟ್ಟಿನಲ್ಲಿ ಹೇಳಿದೆ, ಅದು ತಪ್ಪು. ಅಲ್ಲಿ ಆರು ಜನ, ಇಲ್ಲಿ ಒಬ್ಬರು. ಸರಿಸುವುದಾದರೆ ಒಬ್ಬರದ್ದೇ ಸುಲಭ. ಆದರೆ ಆ ಒಬ್ಬರು ಎಷ್ಟು ದೂರದಿಂದ ಬಂದಿದ್ದಾರೆ, ಮತ್ತೆ ಯಾವಾಗ ಬರುತ್ತಾರೆ ಅನ್ನುವುದನ್ನೂ ತೂಗಬೇಕು. 4.45ಕ್ಕೆ ಫೋನ್ ಮಾಡಿದ್ದರೆ ಅವರಿನ್ನೂ ಮಳಿಗೆಯಲ್ಲೇ ಇದ್ದರು. "ಕಾಕಾ, ನನ್ನ ಮೀಟಿಂಗು 8.15ಕ್ಕೆ ಮುಗೀತದ. ನೀವು ಮಲ್ಲೇಶ್ವರಕ್ಕ ಬರೂದು ಬ್ಯಾಡ, ಸೀದಾ ಮೆಜೆಸ್ಟಿಕ್ಕಿಗೆ ಹೋಗ್ರಿ. 8.45ಕ್ಕ ನಾನೇ ಅಲ್ಲಿಗೆ ಬರ್ತೀನಿ, ಬಸ್ಸಿಗೆ ಇನ್ನೂ ಒಂದು ತಾಸು ಇರ್ತದ. ಅದಾಗದಿದ್ದರ ಮುಂದಿನ ರವಿವಾರ ಇಳಕಲ್ಲಿಗೆ ಬರ್ತೀನಿ." ಸಂಪಿಗೆ ರಸ್ತೆಯಿಂದ ಮೆಜೆಸ್ಟಿಕ್ಕಿಗೆ ಮೆಟ್ರೋದಲ್ಲಿ ಒಂದೇ ನಿಲ್ದಾಣ ಅಲ್ಲವೇ? ಅವರು ಹೂಂ ಅನ್ನುವುದಷ್ಟೇ ಉಳಿಯುತ್ತಿತ್ತು. ಫೋನು ಮುಗಿದ ಮೇಲೆ ಮೆಸೇಜು ಹಾಕಬೇಕು, ಜಾಗ ಮತ್ತು ಹೊತ್ತು ಬರೆದು, ನೆನಪಿಗಿರಲಿ ಅಂತ. ನೀನು ಅದನ್ನು ಫೋನಿನ ಬದಲಿಗೆ ಹಾಕಿದೆ.

ಉಪದೇಶ ಮಾಡುವುದಿಲ್ಲ ಅಂತ ಶುರು ಮಾಡಿದ್ದೆ. ಅವ್ವ ಒಳಗಿನಿಂದ, "ಸಾಕು ಮಾಡ್ರಿ, ಆಕಿ ಏನ್ ಸಾಲೀಗೆ ಹೋಗೋ ಹುಡುಗಿ ಏನು" ಅನ್ನುತ್ತಿದ್ದಾಳೆ. ಇಪ್ಪತ್ತು ಸೀರೆಯ ಕೆಲಸ ನೀನು ಈ ಭಾಗಕ್ಕೆ ತಂದಿದ್ದೀಯ ಅಂತ ಇಡೀ ಓಣಿಗೆ ಹೇಳಿಕೊಂಡು ತಿರುಗಿದವನು ನಾನೇ. ಅದಕ್ಕೇ ಇಷ್ಟು ಉರಿ.

ಈಗ ಮಾಡಬೇಕಾದದ್ದು. ಕಾಕಾಗೆ ಫೋನ್ ಮಾಡು, ಬೆಳಿಗ್ಗೆ 9ರ ಒಳಗೆ. ಆಮೇಲೆ ಮಗ್ಗದ ಸದ್ದಿನಲ್ಲಿ ಅವರಿಗೆ ಫೋನು ಕೇಳಿಸುವುದಿಲ್ಲ. ತಪ್ಪಾಯ್ತು ಅಂತ ಒಂದು ಸಲ ಹೇಳು, ಹತ್ತು ಸಲ ಬೇಡ. ನೀನು ಅಳುವ ಹಾಗೆ ಮಾಡಿದರೆ ಅವರೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. "ಇರಲಿ ಬಿಡವ್ವಾ" ಅನ್ನುತ್ತಾರೆ, ಅದನ್ನು ಕೇಳಿ ನಿರಾಳವಾಗಬೇಡ. "ಹಾಸು ನಿಂತದ ಏನು?" ಅಂತ ಕೇಳು, ಮಗ್ಗದ ಉದ್ದೆಳೆಗಳು ಹಾಗೇ ನಿಂತಿವೆಯಾ ಅಂತ. ಅವರು ಎಳೆಯ ಕಟ್ಟು ತಂದದ್ದು ಸೆರಗಿನ ಬಣ್ಣ ನಿನ್ನ ಬಾಯಿಂದ ಕೇಳಲು. ಸೆರಗಿನ ರೇಷ್ಮೆ ಹಾಸನ್ನು ಒಡಲಿನ ಹಾಸಿನೊಂದಿಗೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆ ಬಣ್ಣ ಬದಲಿಸಲು ಬರುವುದಿಲ್ಲ. ನೀನು ಹೇಳದೆ ಅವರು ಕೊಂಡಿ ಹಾಕುವುದಿಲ್ಲ, ಕೊಂಡಿ ಹಾಕದೆ ಮಗ್ಗಕ್ಕೆ ಕೆಲಸವಿಲ್ಲ. ಬಣ್ಣ ಫೋನಿನಲ್ಲೇ ಹೇಳಲು ಸಾಧ್ಯವಾದರೆ ಅವತ್ತೇ ಹೇಳಿಬಿಡು, ಭೇಟಿಗೆ ಕಾಯಿಸಬೇಡ. ನಿಂತ ದಿನಗಳಿಗೆ ಏನಾದರೂ ಕೊಡುವುದಾದರೆ ಸೀರೆಯ ದರದಲ್ಲಿ ಸೇರಿಸು, ಬೇರೆ ಕವರಿನಲ್ಲಿ ಕೊಟ್ಟರೆ ತಗೊಳ್ಳುವವರಲ್ಲ. ಇದು ನನಗೆ ಗೊತ್ತಿರುವ ವಿಷಯ.

ಹೊಸ ದಿನ ಹೇಳುವ ಮೊದಲು ಆ ದಿನ ಬೇರೇನೂ ಇಲ್ಲ ಅಂತ ನೋಡಿಕೋ. ಎರಡನೇ ಸಲ ಸರಿಸಿದರೆ ನಾನಂತೂ ಅವರ ಓಣಿಯಲ್ಲಿ ಹಾಯುವುದಿಲ್ಲ.

ನಾಲ್ಕು ಸಲ ಫೋನು ಕೈಗೆತ್ತಿಕೊಂಡು, ನಿನ್ನ ಪರವಾಗಿ ನಾನೇ ಕಾಕಾ ಹತ್ತಿರ ಮಾತಾಡಿಬಿಡೋಣ ಅಂದುಕೊಂಡು, ಕೆಳಗಿಟ್ಟಿದ್ದೇನೆ. ನೀನು ಮಾತಾಡುವ ತನಕ ನಾನು ಆಡುವುದಿಲ್ಲ. ಶನಿವಾರ ರಾತ್ರಿ ಬಸ್ಸು ಹತ್ತುವುದಾದರೆ ಸೀಟಿನ ನಂಬರು ಕಳಿಸು. ನನ್ನ ನೆಟ್ ಆನ್ ಇರುತ್ತದೆ.

ನಿನ್ನ ಅಪ್ಪ